ರೊಟ್ಟಿ ಹಬ್ಬದ ತೂಕ

2025ರ ಏಪ್ರಿಲ್ 8ಕ್ಕೆ ಅಡುಗೆ ಗ್ಯಾಸಿನ ಸಿಲಿಂಡರಿಗೆ 50 ರೂಪಾಯಿ ಏರಿತು. ಬೆಂಗಳೂರಿನಲ್ಲಿ 855 ರೂಪಾಯಿ 50 ಪೈಸೆ ಆಯಿತು. ನವಲಗುಂದ ತಾಲೂಕಿನ ನಮ್ಮೂರಿಗೆ ಬಂದು ಮನೆ ಕಟ್ಟೆಗೆ ಇಳಿಯುವ ಹೊತ್ತಿಗೆ, ತಂದುಕೊಡುವವನ ಕೈಗೆ ಕೊಡುವುದೂ ಸೇರಿ, 900 ಅಂತ ಇಟ್ಟುಕೊಳ್ಳಿ. ಅವತ್ತು ರಾತ್ರಿ ಆಫೀಸಿನ ಕೆಲಸ ಬಿಟ್ಟು ನಾನು ಒಂದು ಸ್ಪ್ರೆಡ್‌ಶೀಟ್ ತೆರೆದೆ. ಗ್ಯಾಸ್ ಒಂದು ಕಾಲಮ್ಮು, ಇಂಡಕ್ಷನ್ ಒಂದು ಕಾಲಮ್ಮು. ಗ್ಯಾಸ್ ಒಲೆಯ ದಕ್ಷತೆ 40%, ಇಂಡಕ್ಷನ್ನಿನದು 90% ಎಂದು ಹಾಕಿದೆ. ಮೊದಲನೆಯದು ಎಲ್ಲೋ ಓದಿದ್ದು, ಎರಡನೆಯದು ಡಬ್ಬಿಯ ಮೇಲೆ ಬರೆದಿದ್ದು. ಇಂಡಕ್ಷನ್ನಿನ ಅಡುಗೆ ಹೆಚ್ಚೂ ಕಡಿಮೆ ಅರ್ಧ ಖರ್ಚಿನಲ್ಲಿ ಆಗ್ತದೆ ಅಂತ ಶೀಟ್ ಹೇಳಿತು. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಹುಬ್ಬಳ್ಳಿಯಲ್ಲಿ ಇಳಿದು 2400 ರೂಪಾಯಿ ಕೊಟ್ಟು ಒಂದು ಇಂಡಕ್ಷನ್ ಒಲೆ ತೆಗೆದುಕೊಂಡೇ ಬಸ್ ಹತ್ತಿದೆ.

ಮುಂದಿನ ತಿಂಗಳು ವೈನಿಯ ಫೋನು ಬಂತು.

"ತಮ್ಮಾ, ನೀ ಕೊಡಿಸಿದ ಒಲಿ ಚೊಲೋ ಐತಿ. ಆದ್ರ ಕರೆಂಟ್ ಬಿಲ್ ಬಂದೈತಲ್ಲೋ! ನೂರಾ ಎಪ್ಪತ್ತೈದು ರೂಪಾಯಿ. ಇಷ್ಟ ದಿನ ಸೊನ್ನೆ ಬರತಿತ್ತು."

ಹಿಂದಿನಿಂದ ಅವ್ವನ ದನಿಯೂ ಕೇಳಿಸ್ತು. "ಅವಗ ಹೇಳು, ಪುಕ್ಕಟೆ ಕರೆಂಟು ಕಳಕೊಂಡ್ವಿ ಅಂತ."

ಬಿಇ ಮುಗಿಸಿ ಹದಿಮೂರು ವರ್ಷ ಆಯಿತು. ಕೋಡಿನಲ್ಲಿ ತಪ್ಪು ಮಾಡಿ ಬೈಸಿಕೊಂಡಿದ್ದೇನೆ, ಅದು ರೂಢಿಯಾಗಿದೆ. ಆದರೆ ಅವ್ವನ ಅಡಿಗಿ ಮನಿಯಲ್ಲಿ ನನ್ನ ಲೆಕ್ಕ ಕೆಟ್ಟಿದೆ ಅನ್ನೋದು ಬೇರೆಯೇ ನೋವು. ನಾಗರ ಪಂಚಮಿಗೆ ಊರಿಗೆ ಹೋಗುವುದು ಹೇಗೂ ಇತ್ತು. ಈ ಸಲ ಬ್ಯಾಗಿನಲ್ಲಿ ಪ್ಲಗ್ಗಿಗೆ ಸಿಕ್ಕಿಸಿ ಯೂನಿಟ್ ತೋರಿಸುವ ಸಣ್ಣ ಮೀಟರ್ ಒಂದು, ಅಡುಗೆಯ ಥರ್ಮಾಮೀಟರ್ ಒಂದು ಇಟ್ಟುಕೊಂಡೆ. ಸಿಲಿಂಡರ್ ತೂಗಲು ಅಣ್ಣ ಮೆಣಸಿನಕಾಯಿ ಚೀಲ ತೂಗುವ ನೇತಾಡುವ ಡಿಜಿಟಲ್ ಕಾಂಟಾ ಮನೆಯಲ್ಲೇ ಇತ್ತು.

ಪುಸ್ತಕದ ಲೆಕ್ಕ ಮೊದಲು ಹೇಳಿಬಿಡ್ತೀನಿ, ಅದು ಸಣ್ಣದು. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 46 ಮೆಗಾಜೌಲ್ ಶಾಖ ಹುಟ್ಟುತ್ತದೆ. ಇದೇ ಅದರ ಕ್ಯಾಲೊರಿಫಿಕ್ ಮೌಲ್ಯ. ಕರೆಂಟಿನ ಒಂದು ಯೂನಿಟ್ ಅಂದರೆ 3.6 ಮೆಗಾಜೌಲ್. ಹಾಗಾಗಿ ಒಂದು ಕಿಲೋ ಗ್ಯಾಸಿನಲ್ಲಿ 12.8 ಯೂನಿಟ್ಟಿನಷ್ಟು, 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 181 ಯೂನಿಟ್ಟಿನಷ್ಟು ಶಾಖ ಇದೆ. ಕೆಲವು ಕಡೆ 46ರ ಬದಲು 49 ಅಂತಲೂ ಬರೆದಿರ್ತಾರೆ. ಗ್ಯಾಸ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಆ ಆವಿ ಮತ್ತೆ ನೀರಾಗುವಾಗ ಬಿಡುವ ಶಾಖವನ್ನೂ ಸೇರಿಸಿದರೆ 49ರ ಮೇಲೆ ಹೋಗ್ತದೆ. ನಮ್ಮ ಅಡಿಗಿ ಮನಿಯಲ್ಲಿ ಆ ಆವಿ ಕಿಟಕಿಯಿಂದ ಆಚೆ ಹೋಗುವುದರಿಂದ ನಮಗೆ 46 ಸಾಕು. ಒಂದು ಕಡೆ 49 ಹಿಡಿದು, ಇನ್ನೊಂದು ಕಡೆ 46ರ ಮೇಲೆ ಅಳೆದ ದಕ್ಷತೆ ಹಿಡಿದರೆ ಲೆಕ್ಕ ಗ್ಯಾಸಿನ ಕಡೆ ವಾಲುತ್ತದೆ, ಅಷ್ಟು ನೆನಪಿರಲಿ.

ಕರೆಂಟಿನ ದರ ಹೆಸ್ಕಾಂ ಬಿಲ್ಲಿನಲ್ಲೇ ಇತ್ತು. 2025ರ ಏಪ್ರಿಲ್ಲಿನಿಂದ ಆಗ ಮನೆಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಪಿಂಚಣಿ-ಗ್ರಾಚ್ಯುಟಿ ಅಂತ 36 ಪೈಸೆ, 9% ತೆರಿಗೆ, ತಿಂಗಳು ತಿಂಗಳು ಬದಲಾಗುವ ಇಂಧನದ ಹೊಂದಾಣಿಕೆ. ಎಲ್ಲಾ ಸೇರಿಸಿ ನಾನು 6.75 ಹಿಡಿದೆ.

ಅಂದರೆ ಸಿಲಿಂಡರಿನೊಳಗಿನ ಶಾಖ ಯೂನಿಟ್ಟಿಗೆ ಸುಮಾರು 5 ರೂಪಾಯಿ, ತಂತಿಯೊಳಗಿನದು 6.75. ಇಲ್ಲಿಗೇ ನಿಂತರೆ ಗ್ಯಾಸೇ ಅಗ್ಗ. ಆದರೆ ನಾವು ಸಿಲಿಂಡರನ್ನೂ ತಂತಿಯನ್ನೂ ತಿನ್ನುವುದಿಲ್ಲ. ಭಾಂಡೆಯೊಳಗೆ ಎಷ್ಟು ಶಾಖ ಹೋಯಿತು ಅನ್ನೋದೇ ಲೆಕ್ಕ. ದಕ್ಷತೆ ಬರುವುದು ಅಲ್ಲಿ, ನಾನು ಎಡವಿದ್ದೂ ಅಲ್ಲೇ.

ಪಂಚಮಿಯ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಮಡಕಿ ಕಾಳು, ಎಣ್ಣಿಗಾಯಿ. ರೊಟ್ಟಿ ಬುಟ್ಟಿಗಳು ಮನೆಯಿಂದ ಮನೆಗೆ ಓಡಾಡ್ತವೆ. ಆ ಗದ್ದಲದಲ್ಲಿ ನಾನು ಅಡಿಗಿ ಮನಿಗೆ ಹೋಗಿ, "ಒಲಿ ಒಂದು ತಾಸು ನನಗ ಬಿಡ್ರಿ, ನೀರು ಕಾಸಬೇಕು" ಅಂದೆ.

"ಜಳಕಕ್ಕ ಹೊರಗ ಒಲಿಗೆ ನೀರು ಇಟ್ಟೀನಲ್ಲ" ಅಂದ್ಲು ಅವ್ವ.

ಜಳಕಕ್ಕಲ್ಲ, ಅಳೆಯೋದಕ್ಕೆ. ನೀರು ಕಾಸುವುದೇ ದಕ್ಷತೆ ಅಳೆಯುವ ಸುಲಭದ ದಾರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.186 ಕಿಲೋಜೌಲ್ ಬೇಕು, ಅದು ಯಾರ ಒಲೆಯಾದರೂ ಬದಲಾಗೋದಿಲ್ಲ. ಎರಡು ಲೀಟರ್ ನೀರು ಹಿಡಿಯುವ ಸ್ಟೀಲಿನ ಡಬರಿ, ಮುಚ್ಚಳ ಹಾಕಿ, 27 ಡಿಗ್ರಿಯಿಂದ 97ರವರೆಗೆ. ಕುದಿ ಬಂದ ಮೇಲೆ ಆವಿಯ ಲೆಕ್ಕ ಶುರುವಾಗ್ತದೆ, ಅದಕ್ಕೇ ಸ್ವಲ್ಪ ಮೊದಲೇ ನಿಲ್ಲಿಸಿದ್ದು. ಕಾಂಟಾ ತೋರಿಸೋದು ಹತ್ತು ಹತ್ತು ಗ್ರಾಮಿನ ಹೆಜ್ಜೆಯಲ್ಲಿ. ಎರಡು ಲೀಟರಿಗೆ ಇಪ್ಪತ್ತು ಚಿಲ್ಲರೆ ಗ್ರಾಂ ಗ್ಯಾಸ್ ಹೋಗ್ತದೆ, ಅಷ್ಟರಲ್ಲಿ ಹತ್ತು ಗ್ರಾಂ ಆಚೀಚೆ ಆದರೆ ಅಳತೆಗೆ ಅರ್ಥವೇ ಇಲ್ಲ. ಹಾಗಾಗಿ ಒಂದರ ಹಿಂದೆ ಒಂದು ಐದು ಸಲ, ಒಟ್ಟು ಹತ್ತು ಲೀಟರ್ ಕಾಸಿದೆ. ಪ್ರತಿ ಸಲ ತೂಗುವಾಗ ರೆಗ್ಯುಲೇಟರ್ ಬಿಚ್ಚಿ ತೂಗಬೇಕು. ಪೈಪು ಜಗ್ಗಿಕೊಂಡಿದ್ದರೆ ಕಾಂಟಾ ಸುಳ್ಳು ಹೇಳ್ತದೆ. ಇದನ್ನು ಕಲಿಯುವುದಕ್ಕೆ ನಾನು ಮೊದಲ ಹತ್ತು ಲೀಟರ್ ದಂಡ ತೆತ್ತೆ. ಆ ನೀರಿನಲ್ಲಿ ವೈನಿ ಅರಿವಿ ಒಗೆದ್ರು.

ಹತ್ತು ಲೀಟರಿಗೆ ಬೇಕಾಗುವ ಶಾಖ 2930 ಕಿಲೋಜೌಲ್, ಅಂದರೆ 0.81 ಯೂನಿಟ್. ಗ್ಯಾಸಿನ ಶಾಖ ಒಂದು ಹನಿಯೂ ಪೋಲಾಗದಿದ್ದರೆ 64 ಗ್ರಾಂ ಸಾಕು. ನಮ್ಮ ಒಲೆ ತಿಂದಿದ್ದು 120 ಗ್ರಾಂ. ದಕ್ಷತೆ 53%. ಇಂಡಕ್ಷನ್ನಿನ ಮೀಟರ್ ತೋರಿಸಿದ್ದು 1.01 ಯೂನಿಟ್. ದಕ್ಷತೆ 81%. ಡಬ್ಬಿಯ 90 ನಮ್ಮ ಮನೆಗೆ ಬರಲಿಲ್ಲ. ಒಳಗಿನ ಎಲೆಕ್ಟ್ರಾನಿಕ್ಸ್ ಬಿಸಿಯಾಗ್ತದೆ, ಅದನ್ನು ತಣ್ಣಗಿಡುವ ಫ್ಯಾನಿಗೂ ಕರೆಂಟು ಬೇಕು, ಡಬರಿಯ ಮೈಯಿಂದಲೂ ಶಾಖ ಸೋರ್ತದೆ. ಗ್ಯಾಸಿನ 40 ಸಹ ಬರಲಿಲ್ಲ. ಶೀಟಿನಲ್ಲಿ ಎರಡು ಸಂಖ್ಯೆ ಬದಲಿಸಿದೆ:

```
=900/(14.2*12.8*0.53)
=6.75/0.81
```

ಮೊದಲನೆಯದು 9.34, ಎರಡನೆಯದು 8.33. ಭಾಂಡೆಯೊಳಗೆ ಒಂದು ಯೂನಿಟ್ ಶಾಖ ಹಾಕಲು ಗ್ಯಾಸಿಗೆ 9 ರೂಪಾಯಿ 34 ಪೈಸೆ, ಇಂಡಕ್ಷನ್ನಿಗೆ 8 ರೂಪಾಯಿ 33 ಪೈಸೆ. ಅರ್ಧ ಖರ್ಚು ಅಂತ ನಾನು ಫೋನಿನಲ್ಲಿ ಕೊಚ್ಚಿಕೊಂಡಿದ್ದು ಒಂದು ರೂಪಾಯಿಗೆ ಇಳಿಯಿತು.

ಆಗ ಡಬರಿಯ ತಳ ನೋಡಿದೆ. ಕರ್ರಗೆ ಮಸಿ. ಒಲೆ ಹಚ್ಚಿ ಬಗ್ಗಿ ನೋಡಿದರೆ ಜ್ವಾಲೆಯ ತುದಿ ಹಳದಿ, ಒಂದು ಕಡೆ ಮೂರು ನಾಲ್ಕು ತೂತಿನಲ್ಲಿ ಉರಿಯೇ ಇಲ್ಲ. ಗ್ಯಾಸು ಸರಿಯಾಗಿ ಉರಿದರೆ ಜ್ವಾಲೆ ನೀಲಿ ಇರಬೇಕು. ಹಳದಿ ಬಂತು ಅಂದರೆ ಗಾಳಿ ಸಾಲುತ್ತಿಲ್ಲ, ಪೂರ್ತಿ ಉರಿಯದ ಇಂಗಾಲ ಮಸಿಯಾಗಿ ಭಾಂಡೆಗೆ ಅಂಟಿಕೊಳ್ತಿದೆ ಅಂತ ಅರ್ಥ. ಉಕ್ಕಿದ ಹಾಲು, ಬ್ಯಾಳಿಯ ನೊರೆ, ರೊಟ್ಟಿ ಹಿಟ್ಟು ಎಲ್ಲಾ ಬರ್ನರಿನ ತೂತಿನಲ್ಲಿ ಸೇರಿಕೊಂಡಿತ್ತು.

ರೆಗ್ಯುಲೇಟರ್ ಬಂದ್ ಮಾಡಿ, ಹಿತ್ತಾಳೆಯ ಬರ್ನರ್ ತೆಗೆದು, ಸೋಡಾ ಹಾಕಿದ ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿಟ್ಟು, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ, ತಿಕ್ಕಿ, ಬಿಸಿಲಿಗಿಟ್ಟೆ. ಗಾಳಿ ಎಳೆದುಕೊಳ್ಳುವ ಕೊಳವೆಯೊಳಗೆ ಜೇಡರ ಬಲೆ ಇತ್ತು, ಅದನ್ನೂ ತೆಗೆದೆ. ಒಂದು ಎಚ್ಚರಿಕೆ: ಗ್ಯಾಸ್ ಬರುವ ಸಣ್ಣ ಜೆಟ್ಟಿನ ತೂತಿಗೆ ಮಾತ್ರ ಪಿನ್ ಹಾಕಬಾರದು. ಅದು ಒಂಚೂರು ಅಗಲವಾದರೂ ಗ್ಯಾಸ್ ಹೆಚ್ಚು ಬಂದು ಮತ್ತೆ ಅದೇ ಹಳದಿ ಜ್ವಾಲೆ. ಆಮೇಲೆ ಉರಿಯನ್ನು ಡಬರಿಯ ತಳದೊಳಗೇ ಇರುವಷ್ಟು ಇಳಿಸಿದೆ. ಮೊದಲು ಅದು ಅಂಚು ದಾಟಿ ಮೇಲೆ ನೆಕ್ಕುತ್ತಿತ್ತು, ಅಂದರೆ ಅಷ್ಟು ಶಾಖ ಅಡಿಗಿ ಮನಿಯ ಗಾಳಿಗೆ ದಾನ.

ಮತ್ತೆ ಹತ್ತು ಲೀಟರ್. ಈ ಸಲ ಎರಡು ಸುತ್ತು ಮಾಡಿ ಸರಾಸರಿ ತೆಗೆದೆ: 105 ಗ್ರಾಂ. ದಕ್ಷತೆ 61%ರ ಹತ್ತಿರ. ಪ್ರಯೋಗಶಾಲೆಯಲ್ಲಿ ಬಿಐಎಸ್ ಮಾನದಂಡ ಕೇಳುವುದು ಕನಿಷ್ಠ 68%. ಬಾಗಿಲು ತೆರೆದಿಟ್ಟ, ಗಾಳಿ ಆಡುವ ಅಡಿಗಿ ಮನಿಗೆ 61 ಬಂದದ್ದು ದೊಡ್ಡದೇ. ಹತ್ತು ಲೀಟರ್ ನೀರಿಗೆ ಗ್ಯಾಸಿನ ಖರ್ಚು 6 ರೂಪಾಯಿ 65 ಪೈಸೆ, ಇಂಡಕ್ಷನ್ನಿನದು 6 ರೂಪಾಯಿ 82 ಪೈಸೆ.

ಒಂದು ಪಿನ್ನು ಮತ್ತು ಅರ್ಧ ಚಮಚ ಸೋಡಾ ನನ್ನ 2400 ರೂಪಾಯಿಯ ವಾದವನ್ನು ಮುಗಿಸಿಬಿಟ್ಟವು.

ಆದರೂ ನೀರು ಅಂದರೆ ಊಟ ಅಲ್ಲ. ಮರುದಿನ ಅಡುಗೆಯನ್ನೇ ತೂಗಿದೆ. ಅವ್ವ, ಅಣ್ಣ, ವೈನಿ, ಎರಡು ಹುಡುಗರು, ಮತ್ತು ನಾನು. ಕುಕ್ಕರಿನಲ್ಲಿ ಅನ್ನ ಮತ್ತು ಬ್ಯಾಳಿ, ಒಂದು ಪಲ್ಯ, ಒಂದು ಸಾರು. ಇಷ್ಟಕ್ಕೆ ಇಂಡಕ್ಷನ್ನಿನ ಮೇಲೆ 0.55 ಯೂನಿಟ್, ಅಂದರೆ 3 ರೂಪಾಯಿ 71 ಪೈಸೆ. ಇದೇ ಅಡುಗೆ ತೊಳೆದ ಬರ್ನರಿನ ಮೇಲೆ 62 ಗ್ರಾಂ, 3 ರೂಪಾಯಿ 93 ಪೈಸೆ. ಕುಕ್ಕರಿನಲ್ಲಿ ಒತ್ತಡ ಹಿಡಿದಿಡುವ ಕೆಲಸ ಇಂಡಕ್ಷನ್ ಸ್ವಲ್ಪ ಚೆನ್ನಾಗಿ ಮಾಡ್ತದೆ ಅಂತ ನನಗೆ ಕಾಣುತ್ತದೆ, ಅದಕ್ಕೇ ನೀರಿನ ಫಲಿತಾಂಶ ಇಲ್ಲಿ ತಿರುಗಿತು. ಆದರೆ ಕಾಂಟಾದ ಹತ್ತು ಗ್ರಾಮಿನ ಹೆಜ್ಜೆ ಅಂದರೆ 63 ಪೈಸೆ. ವ್ಯತ್ಯಾಸ ಇರುವುದು 22 ಪೈಸೆ. ಎರಡೂ ಒಂದೇ ಅನ್ನೋದು ಪ್ರಾಮಾಣಿಕ ಉತ್ತರ.

ಈಗ ರೊಟ್ಟಿಗೆ ಬರೋಣ. ಬೆಂಗಳೂರಿನ ನನ್ನ ಶೀಟಿನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಅಲ್ಲಿ ಊಟ ಅಂದರೆ ಅನ್ನ, ಬ್ಯಾಳಿ, ಪಲ್ಯ. ಇಲ್ಲಿ ಬೆಳಿಗ್ಗೆ ಒಂದು ಸಲಕ್ಕೆ ಹದಿನಾರು ರೊಟ್ಟಿ ಆಗ್ತವೆ, ನಲವತ್ತು ನಿಮಿಷ ಹಂಚು ಕಾದಿರಬೇಕು. ಗ್ಯಾಸಿನ ಮೇಲೆ ತೂಗಿದರೆ ಅದಕ್ಕೇ 100 ಗ್ರಾಂ, 6 ರೂಪಾಯಿ 34 ಪೈಸೆ. ಅಂದರೆ ಬೆಳಗಿನ ಊಟದ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ರೊಟ್ಟಿಯದು. ಇಲ್ಲಿ ಮುಚ್ಚಳ ಇಲ್ಲ, ಒಂದು ರೊಟ್ಟಿ ತೆಗೆದು ಇನ್ನೊಂದು ಬಡಿದು ಹಾಕುವವರೆಗೂ ಹಂಚು ಸುಮ್ಮನೆ ಉರಿ ನುಂಗ್ತದೆ.

ಇದನ್ನು ಇಂಡಕ್ಷನ್ನಿಗೆ ಸಾಗಿಸಿದರೆ? ವೈನಿ ಮೇ ತಿಂಗಳಲ್ಲೇ ನೋಡಿದ್ದರಂತೆ, ನನಗೆ ಹೇಳಿರಲಿಲ್ಲ. ನನ್ನೆದುರು ಮತ್ತೊಮ್ಮೆ ಮಾಡಿ ತೋರಿಸಿದರು. ಮನೆಯ ರೊಟ್ಟಿ ಹಂಚು ಮಧ್ಯೆ ತಗ್ಗು, ಅದು ಗಾಜಿನ ಮೇಲೆ ಕೂರಲೇ ಇಲ್ಲ, ಅಲ್ಲಾಡ್ತದೆ. ಚಪ್ಪಟೆ ಕಬ್ಬಿಣದ ತವೆ ಇಟ್ಟರೆ ಒಳಗಿನ ಸುರುಳಿ ಎಷ್ಟು ಅಗಲವೋ ಅಷ್ಟು ಮಾತ್ರ ಕಾಯ್ತದೆ. ಅವ್ವನ ರೊಟ್ಟಿ ಅದಕ್ಕಿಂತ ಎಷ್ಟೋ ದೊಡ್ಡದು. ನಡುವೆ ಉಂಗುರದ ಹಾಗೆ ಕರ್ರಗೆ, ಅಂಚು ಹಸಿ. ನಾಲ್ಕನೇ ರೊಟ್ಟಿಗೆ ಗಾಜು ಅತಿಯಾಗಿ ಕಾದು ಯಂತ್ರ ಕೀ ಕೀ ಅಂತ ಕೂಗಿ ತಾನೇ ಆಫ್ ಆಯಿತು. ಕೊನೆಗೆ ರೊಟ್ಟಿ ಉಬ್ಬಬೇಕಾದರೆ ಹಂಚಿನಿಂದ ಇಳಿಸಿ ನೇರ ಉರಿಗೆ ಹಿಡಿಯಬೇಕು. ಇಂಡಕ್ಷನ್ನಿನಲ್ಲಿ ಹಿಡಿಯೋದಕ್ಕೆ ಉರಿ ಎಲ್ಲಿದೆ?

"ನಿನ್ನ ಒಲಿ ಬೆಂಗಳೂರಾಗ ಬಿಇ ಓದಿ ಬಂದೈತಿ" ಅಂದರು ವೈನಿ. "ರೊಟ್ಟಿ ಬಡಿಯೂದು ಕಲತಿಲ್ಲ." ಬಿಇ ನಾನು ಓದಿದ್ದು ಹುಬ್ಬಳ್ಳಿಯಲ್ಲಿ ಅಂತ ಹೇಳಲಿಲ್ಲ, ಆ ಹೊತ್ತಿನಲ್ಲಿ ಅದು ಬೇಕಿರಲಿಲ್ಲ.

ಅದಲ್ಲದೆ ಇನ್ನೊಂದು ಖರ್ಚು ಶೀಟಿನಲ್ಲಿ ಇರಲಿಲ್ಲ. ಮನೆಯ ಅರ್ಧ ಭಾಂಡೆ ಜರ್ಮನ್, ಅಂದರೆ ಅಲ್ಯುಮಿನಿಯಂ. ಅದು ಇಂಡಕ್ಷನ್ನಿನಲ್ಲಿ ಕಾಯೋದಿಲ್ಲ. ಕೊಳ್ಳುವ ಮುಂಚೆ ಒಂದು ಅಯಸ್ಕಾಂತ ತಳಕ್ಕೆ ಹಿಡಿದು ನೋಡಬೇಕಿತ್ತು, ಅಂಟಿದರೆ ನಡೆಯುತ್ತದೆ. ಪ್ಲಗ್ಗಿನ ವಿಷಯ ಇದಕ್ಕಿಂತ ಗಂಭೀರ. ಟಿವಿಗೆ ಹಾಕಿಸಿದ್ದ ಸಣ್ಣ 6 ಆಂಪಿಯರಿನ ಪಾಯಿಂಟಿಗೇ ಒಂದು ಜೋಡಿಸುವ ಪ್ಲಗ್ ಹಾಕಿ ಇದನ್ನು ಸಿಕ್ಕಿಸಿದ್ದರು. 2000 ವ್ಯಾಟಿನ ಒಲೆ ಎಳೆಯುವುದು ಸುಮಾರು 9 ಆಂಪಿಯರ್. ಪ್ಲಗ್ಗಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಾಗಿತ್ತು, ಮುಟ್ಟಿದರೆ ಬಿಸಿ. ಅವತ್ತೇ ಅಣ್ಣ ವೈರಿಂಗಿನವನನ್ನು ಕರೆಸಿ ದಪ್ಪ ತಂತಿ ಎಳೆಸಿ 16 ಆಂಪಿಯರಿನ ಪಾಯಿಂಟ್ ಹಾಕಿಸಿದ. ಬೇರೆ ಏನು ಉಳಿಸಿದರೂ ಈ ಒಂದರಲ್ಲಿ ಉಳಿಸಬಾರದು.

ಈಗ ಆ 175 ರೂಪಾಯಿಯ ಬಿಲ್ಲು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಪಟ್ಟಣದವರೇ ಬಹಳ ಮಂದಿ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. 200 ಅನ್ನೋದು ಮೇಲಿನ ಗೆರೆ. ಒಂದೊಂದು ಮನೆಯ ಪಾಲು ಬೇರೆ: 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ 10%, ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ 2024ರಿಂದ 10%ರ ಬದಲು 10 ಯೂನಿಟ್. ಪಾಲು ದಾಟಿದರೆ ದಾಟಿದ್ದಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್ಲಿಗೇ ಹಣ. ನಮ್ಮ ಮನೆಯ ಸರಾಸರಿ 41, ಪಾಲು 51. ಸುಡುತ್ತಿದ್ದದ್ದು 44. ಅಂದರೆ ಕೈಯಲ್ಲಿ ಉಳಿದಿದ್ದು 7 ಯೂನಿಟ್. ನಾನು ಅದರ ಮೇಲೆ ದಿನಕ್ಕೆ ಎರಡು ಹೊತ್ತಿನ ಅಡುಗೆ ಹೇರಿದೆ, ತಿಂಗಳಿಗೆ 33 ಯೂನಿಟ್. 7 ಪುಕ್ಕಟೆ, 26ಕ್ಕೆ ಹಣ.

ಹಾಗಂತ ಆ ತಿಂಗಳು ಮನೆಗೆ ನಷ್ಟವೇನೂ ಆಗಿರಲಿಲ್ಲ. ಬರ್ನರ್ ಕೊಳಕಾಗಿದ್ದಾಗ ಅದೇ ಅಡುಗೆಗೆ ಹೊತ್ತಿಗೆ 70 ಗ್ರಾಂ ಹೋಗ್ತಿತ್ತು ಅಂದುಕೊಂಡರೂ ತಿಂಗಳಿಗೆ 4.2 ಕಿಲೋ, 266 ರೂಪಾಯಿಯ ಗ್ಯಾಸ್ ಉಳಿದಿತ್ತು. 175 ಕೊಟ್ಟು 266 ಉಳಿಸಿದ್ದರು. ಇದನ್ನು ಹಾಳೆಯ ಮೇಲೆ ಬರೆದು ವೈನಿಗೆ ತೋರಿಸಿದೆ. ಅವರು ಓದಿದರು. "ಬಿಲ್ಲು ಕಣ್ಣಿಗೆ ಕಾಣತೈತಿ, ಸಿಲಿಂಡರ್ ಹೆಚ್ಚಿಗೆ ದಿನ ಬಂದದ್ದು ಯಾರು ಎಣಿಸ್ಯಾರ?" ಅಂದರು. ಬರ್ನರ್ ತೊಳೆದ ಮೇಲೆ ಆ ಉಳಿತಾಯ 60 ರೂಪಾಯಿಗೆ ಇಳಿದಿದೆ, ಅದರಲ್ಲೂ ಮುಕ್ಕಾಲು ಭಾಗ ಆ 7 ಪುಕ್ಕಟೆ ಯೂನಿಟ್ಟಿನದು. ಆ 60 ರೂಪಾಯಿಯ ಮೇಲೆ 2400 ತೀರಬೇಕಾದರೆ 40 ತಿಂಗಳು. ಕರೆಂಟು ಹೋದ ಹೊತ್ತು ಹೇಗೂ ಗ್ಯಾಸೇ.

ಹಾಗಾಗಿ ನಾವು ಮಾಡಿಕೊಂಡ ವ್ಯವಸ್ಥೆ ಇದು: 7 ಯೂನಿಟ್ಟಿನಲ್ಲಿ ಏನು ಹಿಡಿಯುತ್ತದೋ ಅಷ್ಟನ್ನೇ ಇಂಡಕ್ಷನ್ನಿಗೆ ಕೊಡೋದು. ಒಂದು ಸಲದ ಚಹಾಕ್ಕೆ 0.06 ಯೂನಿಟ್ ಬೀಳ್ತದೆ. ದಿನಕ್ಕೆ ಎರಡು ಸಲ ಚಹಾ, ಒಂದು ಸಲ ಹುಡುಗರ ಹಾಲು, ತಿಂಗಳಿಗೆ ಐದೂವರೆ ಯೂನಿಟ್. ಬಿಲ್ಲು ಮತ್ತೆ ಸೊನ್ನೆ. ಉಳಿಯುವುದು ಅರ್ಧ ಕಿಲೋ ಚಿಲ್ಲರೆ ಗ್ಯಾಸು, ಮೂವತ್ತು ಮೂವತ್ತೈದು ರೂಪಾಯಿ. ಅವ್ವನಿಗೆ ಬೆಳಿಗ್ಗೆ ಕಡ್ಡಿ ಗೀರದೆ ಚಹಾ ಆಗ್ತದೆ ಅನ್ನೋದು ಹೆಚ್ಚು ಇಷ್ಟವಾಗಿದೆ.

ಪಕ್ಕದ ಮನೆಯ ಕಾಕು ಇದನ್ನೆಲ್ಲಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಒಬ್ಬಳೇ ಇರ್ತಾಳೆ. "ನನಗೂ ಒಂದು ಆ ಒಲಿ ತಂದ ಕೊಡೋ, ರೊಕ್ಕಾ ಕೊಡತೇನಿ" ಅಂದಳು. ಅವಳ ಲೆಕ್ಕ ಬೇರೆಯೇ. ಗ್ಯಾಸು ಉಜ್ವಲ ಯೋಜನೆಯದು; 300 ರೂಪಾಯಿ ಸಬ್ಸಿಡಿ ಖಾತೆಗೆ ವಾಪಸ್ ಬರ್ತದೆ, ಸಿಲಿಂಡರ್ 600ಕ್ಕೆ ಬಿದ್ದ ಹಾಗೆ. ಆ ದರದಲ್ಲಿ 62 ಗ್ರಾಮಿಗೆ 2 ರೂಪಾಯಿ 62 ಪೈಸೆ, ದುಡ್ಡು ಕೊಟ್ಟು ಕೊಳ್ಳುವ ಕರೆಂಟು ಅದರ ಹತ್ತಿರಕ್ಕೂ ಬರೋದಿಲ್ಲ. ಆದರೆ ಅವಳ ಬಿಲ್ಲು ತರಿಸಿ ನೋಡಿದರೆ ಪಾಲು 28, ಸುಡುವುದು 15. ಅವಳೊಬ್ಬಳ ಅನ್ನ ಸಾರು ಆ 13 ಯೂನಿಟ್ಟಿನೊಳಗೆ ಪೂರ್ತಿ ಪುಕ್ಕಟೆ ಆಗಬಹುದು! ಒಂದು ಕ್ಷಣ ನನಗೆ ಹುರುಪು ಬಂತು. ಆಮೇಲೆ ಉಳಿಯುವುದನ್ನು ಕೂಡಿಸಿದೆ: ತಿಂಗಳಿಗೆ ಒಂದು ಕಿಲೋಕ್ಕಿಂತ ಕಡಿಮೆ ಗ್ಯಾಸು, ಅವಳ ದರದಲ್ಲಿ 40 ರೂಪಾಯಿ. ಒಲೆಗೆ 2400. ಐದು ವರ್ಷ ಬೇಕು, ಅಷ್ಟರವರೆಗೆ ಆ ಯಂತ್ರವೂ ಬಾಳಬೇಕು, ಆ ಯೋಜನೆಯೂ.

"ಬ್ಯಾಡ ಕಾಕು" ಅಂದೆ. "ನಿನಗ ಗ್ಯಾಸೇ ಸೋವಿ."

ಕಾಕು ಎದ್ದು ಒಳಗೆ ಹೋದಳು. ಬೇಜಾರಾಯಿತೇನೋ ಅಂದುಕೊಂಡೆ. ಎರಡು ನಿಮಿಷಕ್ಕೆ ಸೀರೆ ಸೆರಗಿನಲ್ಲಿ ಏನೋ ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟಳು. ಎರಡು ಬರ್ನರು, ಕರ್ರಗೆ.

"ಹಂಗಾರ ಇವನ್ನ ತೊಳದ ಕೊಡು. ಪಿನ್ನು ನನ್ನ ಬಳಿ ಐತಿ."